ಮೊದಲ ಪುಟವನ್ನಷ್ಟೇ ಓದುವವರಿಗೆ ಯೋಜನಾ ವರದಿಯ ಸಾರಾಂಶ ಬರೆಯುವುದು ಹೇಗೆ

ನೂರು ಪುಟ ದಾಟಿದ ಯೋಜನಾ ವರದಿಗಳ ಸಾರಾಂಶ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

"ಕೆರೆಗಳು ಗ್ರಾಮೀಣ ಬದುಕಿನ ಜೀವನಾಡಿಗಳಾಗಿವೆ. ಈ ಹಿನ್ನೆಲೆಯಲ್ಲಿ ಸದರಿ ಕೆರೆಯ ಪುನಶ್ಚೇತನ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗಿದ್ದು, ಅಧ್ಯಾಯ 2ರಲ್ಲಿ ಸಮೀಕ್ಷಾ ವಿಧಾನವನ್ನೂ, ಅಧ್ಯಾಯ 3ರಲ್ಲಿ ಜಲಾನಯನ ಪ್ರದೇಶದ ವಿವರವನ್ನೂ, ಅಧ್ಯಾಯ 4ರಲ್ಲಿ ಕಾಮಗಾರಿಯ ಪ್ರಗತಿಯನ್ನೂ ನೀಡಲಾಗಿದೆ."

ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ಇದನ್ನು ಓದಿದ ಅಧಿಕಾರಿಗೆ ತಾನೀಗ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಕಡತದ ಮೇಲೆ "ಚರ್ಚಿಸಿ" ಎಂದು ಷರಾ ಬರೆದು ವಾಪಸ್ ಕಳಿಸುತ್ತಾರೆ, ಎರಡು ವಾರ ಹೋಗುತ್ತದೆ. ವರದಿ ಬರೆದವರು "ಅವರು ಓದುವುದೇ ಇಲ್ಲ" ಎಂದು ಗೊಣಗುತ್ತಾರೆ. ಅವರು ಓದಿದ್ದಾರೆ, ಮೊದಲ ಪುಟವನ್ನು. ಅಲ್ಲಿ ಇದ್ದದ್ದು ಪರಿವಿಡಿ.

ಈ ಮಾರ್ಗದರ್ಶಿ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತದೆ. ಬಯಲುಸೀಮೆಯ ಒಂದು ಕೆರೆಗೆ ಎರಡು ವರ್ಷದ ಪುನಶ್ಚೇತನ ಯೋಜನೆ ಮಂಜೂರಾಗಿದೆ ಎಂದುಕೊಳ್ಳಿ. ಮೊದಲ ವರ್ಷದ ಕೆಲಸ ಮುಗಿದಿದೆ. 118 ಪುಟದ ವರದಿ ಸಿದ್ಧವಾಗಿದೆ, ಜಿಲ್ಲಾ ಪಂಚಾಯಿತಿ ಸಿಇಒ ಅವರ ಮುಂದೆ ಹೋಗಬೇಕಿದೆ. ಕೆರೆಯೂ ಅಂಕಿಗಳೂ ಕಲ್ಪಿತ. ಆದರೆ ಇಂಥ ವರದಿಗಳಲ್ಲಿ ಬರುವ ಸಮಸ್ಯೆ ಇದೇ ಬಗೆಯದು.

## ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದದ್ದು

ವರದಿಯ ಅಂತಿಮ ಕರಡು, ಪುಟ ಸಂಖ್ಯೆಗಳೊಂದಿಗೆ, ಕಾಗದದ ಮೇಲೆ ಮುದ್ರಿಸಿದ್ದು. ಮೂಲ ಮಂಜೂರಾತಿ ಆದೇಶದ ಪ್ರತಿ. ಅಂದಾಜುಪಟ್ಟಿ ಮತ್ತು ಈವರೆಗಿನ ಖರ್ಚಿನ ಲೆಕ್ಕ. ಒಂದು ಪೆನ್ಸಿಲ್. ಇವುಗಳ ಜೊತೆಗೆ, ಈ ಯೋಜನೆಯ ಬಗ್ಗೆ ಏನೂ ತಿಳಿಯದ ಒಬ್ಬ ಸಹೋದ್ಯೋಗಿ ಕೊನೆಯ ಹಂತದಲ್ಲಿ ಹತ್ತು ನಿಮಿಷ ಸಿಗಬೇಕು. ಪಕ್ಕದ ವಿಭಾಗದವರಾದರೆ ಒಳ್ಳೆಯದು.

ಮಂಜೂರಾತಿ ಆದೇಶವನ್ನು ಜನ ಮರೆಯುತ್ತಾರೆ. ಯೋಜನೆಗೆ ಯಾವ ಉದ್ದೇಶಕ್ಕೆ, ಎಷ್ಟು ಹಣಕ್ಕೆ, ಯಾವ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು ಎಂಬುದು ಅದರಲ್ಲಿದೆ. ಓದುವವರು ನಿಮ್ಮ ಪುಟವನ್ನು ಅದರೊಂದಿಗೇ ಹೋಲಿಸುತ್ತಾರೆ. ಆದೇಶದಲ್ಲಿ "ಹೂಳೆತ್ತುವುದು" ಎಂದಿದ್ದರೆ ನಿಮ್ಮ ಸಾರಾಂಶದಲ್ಲಿ ಅದು "ಜಲಸಂಗ್ರಹ ಸಾಮರ್ಥ್ಯ ವೃದ್ಧಿ" ಆಗಬಾರದು. ಒಂದೇ ಕೆಲಸಕ್ಕೆ ಎರಡು ಹೆಸರು ಕಂಡರೆ ಲೆಕ್ಕಪತ್ರ ವಿಭಾಗ ಅದನ್ನು ಎರಡು ಕೆಲಸ ಎಂದೇ ಓದುತ್ತದೆ.

ಸಾರಾಂಶ ಬರೆಯುವ ಸಮಯದ ಬಗ್ಗೆಯೂ ಒಂದು ಮಾತು. ವರದಿಯ ಅಂಕಿಗಳು ಇನ್ನೂ ಬದಲಾಗುತ್ತಿರುವಾಗ ಬರೆಯಬೇಡಿ. ಹಾಗೆಂದು ವರದಿ ಸಲ್ಲಿಸುವ ಸಂಜೆಗೂ ಇಟ್ಟುಕೊಳ್ಳಬೇಡಿ. ಅಂಕಿಗಳು ನಿಂತ ಮೇಲೆ ಕನಿಷ್ಠ ಎರಡು ದಿನ ಕೈಯಲ್ಲಿರಲಿ. ಒಂದು ದಿನ ಬರೆಯಲು, ಇನ್ನೊಂದು ದಿನ ಬೇರೆಯವರಿಂದ ಓದಿಸಲು.

## ಹಂತ 1: ಯಾರ ಸಹಿ ಬೇಕು, ಯಾವುದಕ್ಕೆ

ಕಾಗದದ ಮೇಲೆ ಎರಡು ಸಾಲು ಬರೆದುಕೊಳ್ಳಿ. ಮೊದಲನೆಯದು: ಈ ಪುಟ ಓದಿ ತೀರ್ಮಾನ ತೆಗೆದುಕೊಳ್ಳುವವರು ಯಾರು. ಎರಡನೆಯದು: ಅವರ ಅಧಿಕಾರದಲ್ಲಿ ಏನಿದೆ.

ನಮ್ಮ ಉದಾಹರಣೆಯಲ್ಲಿ ಓದುಗರು ಸಿಇಒ. ಅವರು ಎಂಜಿನಿಯರ್ ಅಲ್ಲ. ಹೂಳಿನ ಪದರದ ದಪ್ಪ ಅಳೆದದ್ದು ಹೇಗೆ ಎಂಬುದನ್ನು ಕಾರ್ಯಪಾಲಕ ಎಂಜಿನಿಯರ್ ನೋಡಿಕೊಂಡಿರುತ್ತಾರೆ ಎಂಬ ನಂಬಿಕೆ ಅವರಿಗಿದೆ, ಇರಬೇಕಾದದ್ದೂ ಹಾಗೆಯೇ. ಅವರಿಗೆ ಬೇಕಾದದ್ದು ಬೇರೆ: ಹಣ ಹೆಚ್ಚು ಕೇಳುತ್ತಿದ್ದಾರೆಯೇ, ಮಂಜೂರಾದ ಕೆಲಸ ಬದಲಾಗುತ್ತಿದೆಯೇ, ಈಗ ಒಪ್ಪದಿದ್ದರೆ ಏನಾಗುತ್ತದೆ, ನಾಳೆ ಊರಿನವರೋ ಲೆಕ್ಕಪರಿಶೋಧಕರೋ ಕೇಳಿದರೆ ಏನು ಉತ್ತರ.

ಪುಟ ಅವರ ಕೈ ತಲುಪುವ ಮೊದಲು ಅದನ್ನು ಓದುವವರೂ ಇದ್ದಾರೆ. ಮುಖ್ಯ ಲೆಕ್ಕಾಧಿಕಾರಿ ಒಂದೇ ಕಡೆ ಕಣ್ಣು ಹಾಯಿಸುತ್ತಾರೆ: ಒಟ್ಟು ಮೊತ್ತ ಕೂಡುತ್ತದೆಯೇ, ಮಾರ್ಚ್ 31ರೊಳಗೆ ಬಿಲ್ ಆಗುವುದು ಎಷ್ಟು. ಅವರಿಗಾಗಿ ಬೇರೆ ಪ್ಯಾರಾ ಬೇಡ. ಒಂದು ಸಣ್ಣ ಕೋಷ್ಟಕ ಸಾಕು.

ಇಲ್ಲಿ ಕಾಣುವ ಅಪಾಯದ ಗುರುತು: ಎರಡನೇ ಸಾಲಿನಲ್ಲಿ "ಮಾಹಿತಿಗಾಗಿ" ಎಂಬುದರ ಹೊರತು ಬೇರೇನೂ ಹೊಳೆಯದಿರುವುದು. ಹಾಗಾದರೆ ನಿಜಕ್ಕೂ ಯಾವ ತೀರ್ಮಾನವೂ ಬೇಡವೇ ಎಂದು ತಂಡವನ್ನು ಕೇಳಿ. ಬೇಡವೆಂದಾದರೆ ಮೊದಲ ಸಾಲಿನಲ್ಲೇ "ಯಾವುದೇ ಅನುಮೋದನೆ ಅಗತ್ಯವಿಲ್ಲ" ಎಂದು ಬರೆಯಿರಿ. ಓದುವವರಿಗೆ ಅದೂ ಒಂದು ಉಪಯುಕ್ತ ಸುದ್ದಿಯೇ. ಆದರೆ ಬಹಳ ಸಲ ತೀರ್ಮಾನವೊಂದು ವರದಿಯ 90ನೇ ಪುಟದ "ಶಿಫಾರಸುಗಳು" ಪಟ್ಟಿಯಲ್ಲಿ ಏಳನೆಯದಾಗಿ ಅವಿತು ಕೂತಿರುತ್ತದೆ.

## ಹಂತ 2: ಕೋರಿಕೆಯ ವಾಕ್ಯ ಮೊದಲು

ಬೇರೆ ಏನನ್ನೂ ಬರೆಯುವ ಮೊದಲು ಕೋರಿಕೆಯನ್ನು ಬರೆಯಿರಿ. ಅದರಲ್ಲಿ ನಾಲ್ಕು ಸಂಗತಿಗಳಿರಬೇಕು: ಏನು ಮಾಡಬೇಕು, ಎಷ್ಟು ಹಣ, ಯಾವ ದಿನಾಂಕದೊಳಗೆ, ಮಂಜೂರಾದದ್ದಕ್ಕಿಂತ ಏನು ಬದಲು.

ತಂಡಗಳು ಮೊದಲ ಯತ್ನದಲ್ಲಿ ಬರೆಯುವುದು ಹೀಗೆ:

"ಪೋಷಕ ಕಾಲುವೆಯ ಸಮಸ್ಯೆಗಳ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬಹುದಾಗಿದೆ."

ಇದನ್ನು ಓದಿದವರು ಸಹಿ ಮಾಡಿದರೂ ಏನೂ ಆಗುವುದಿಲ್ಲ, ಯಾಕೆಂದರೆ ಸಹಿ ಯಾವುದಕ್ಕೆ ಎಂಬುದೇ ಇಲ್ಲಿಲ್ಲ. ಸೂಕ್ತ ಕ್ರಮ ಯಾವುದು, ಕೈಗೊಳ್ಳುವವರು ಯಾರು? ತಿದ್ದಿದ ಮೇಲೆ:

"ಎರಡನೇ ವರ್ಷಕ್ಕೆ ಉಳಿದಿರುವ ₹84 ಲಕ್ಷದಲ್ಲಿ ₹36 ಲಕ್ಷವನ್ನು ಹೂಳೆತ್ತುವ ಬಾಬ್ತಿನಿಂದ ತೆಗೆದು ಪೋಷಕ ಕಾಲುವೆಯ ಮೋರಿ ಕೆಲಸಕ್ಕೆ ಬಳಸಲು ಫೆಬ್ರವರಿ 28ರೊಳಗೆ ಅನುಮೋದನೆ ಬೇಕು. ಯೋಜನೆಯ ಒಟ್ಟು ವೆಚ್ಚ ಬದಲಾಗುವುದಿಲ್ಲ."

ಎರಡನೇ ವಾಕ್ಯ ಚಿಕ್ಕದು. ಆದರೆ ಸಿಇಒ ಅವರ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಅದನ್ನು ಬಿಟ್ಟರೆ, ಹೆಚ್ಚುವರಿ ಹಣ ಕೇಳುತ್ತಿದ್ದಾರೆ ಎಂಬ ಅನುಮಾನದಲ್ಲೇ ಅವರು ಉಳಿದ ಪುಟ ಓದುತ್ತಾರೆ.

ಕೋರಿಕೆಯ ವಾಕ್ಯ ಬರೆಯಲು ಅರ್ಧ ದಿನ ಹಿಡಿದರೂ ಆಶ್ಚರ್ಯಪಡಬೇಡಿ. ತಂಡದೊಳಗೆ ಒಮ್ಮತ ಇಲ್ಲ ಎಂಬುದು ಗೊತ್ತಾಗುವುದು ಈ ಹಂತದಲ್ಲೇ. ಎಂಜಿನಿಯರ್ ಮೋರಿ ಮೊದಲು ಎನ್ನುತ್ತಾರೆ, ಹೂಳನ್ನು ಹೊಲಕ್ಕೆ ಹೊಡೆಸಿಕೊಳ್ಳುತ್ತಿರುವ ರೈತರ ಒತ್ತಾಯ ಗೊತ್ತಿರುವವರು ಹೂಳೆತ್ತುವುದನ್ನು ಕಡಿಮೆ ಮಾಡಬೇಡಿ ಎನ್ನುತ್ತಾರೆ. ಆ ಜಗಳ ಇಲ್ಲೇ ತೀರಲಿ. ಇಬ್ಬರ ಮಾತನ್ನೂ ತೇಪೆ ಹಾಕಿ ಸಾರಾಂಶಕ್ಕೆ ತುರುಕಿದರೆ ಪುಟ ಎರಡೂ ಕಡೆ ವಾಲುತ್ತದೆ.

## ಹಂತ 3: ವರದಿಯನ್ನು ಹಿಂದಿನಿಂದ ಓದಿ

ಈಗ ಪೆನ್ಸಿಲ್ ಹಿಡಿದು ವರದಿ ತೆರೆಯಿರಿ, ಕೊನೆಯ ಅಧ್ಯಾಯದಿಂದ. ಮುಂದಿನಿಂದ ಓದಿದರೆ ವರದಿಯ ಕ್ರಮವೇ ಸಾರಾಂಶದ ಕ್ರಮವಾಗಿಬಿಡುತ್ತದೆ, ಅಂದರೆ ಪೀಠಿಕೆ, ವಿಧಾನ, ವಿವರ, ಕೊನೆಗೆ ಉಸಿರು ಕಟ್ಟಿಕೊಂಡು ಫಲಿತಾಂಶ. ವರದಿಗೆ ಆ ಕ್ರಮ ಸರಿ. ಮೊದಲ ಪುಟಕ್ಕೆ ಅಲ್ಲ.

ಪ್ರತಿ ಮುಖ್ಯ ಸಂಗತಿಯ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇದು ಗೊತ್ತಿಲ್ಲದಿದ್ದರೆ ಸಿಇಒ ಬೇರೆ ತೀರ್ಮಾನಕ್ಕೆ ಬರುತ್ತಾರೆಯೇ? ಹೌದಾದರೆ ಗುರುತು ಹಾಕಿ, ಅಲ್ಲವಾದರೆ ಪುಟ ತಿರುಗಿಸಿ.

ನಮ್ಮ ವರದಿಯಲ್ಲಿ ಏನಾಗುತ್ತದೆ ನೋಡಿ. ಕೆರೆಯ ವಿಸ್ತೀರ್ಣ 40 ಹೆಕ್ಟೇರ್ ಎಂಬುದು ಗೊತ್ತಿಲ್ಲದಿದ್ದರೂ ತೀರ್ಮಾನ ಅದೇ, ಬಿಡಿ. ಮಣ್ಣಿನ ಮಾದರಿಯನ್ನು ಎಷ್ಟು ಕಡೆ ತೆಗೆದರು ಎಂಬುದೂ ಬೇಡ. ಎಷ್ಟು ಟಿಪ್ಪರ್, ಎಷ್ಟು ಹಿಟಾಚಿ ಓಡಿದವು ಎಂಬುದು ತಂಡಕ್ಕೆ ಹೆಮ್ಮೆಯ ವಿಷಯ, ಅದೂ ಬೇಡ. ಆದರೆ 43ನೇ ಪುಟದಲ್ಲಿ ಒಂದು ಸಂಗತಿ ಇದೆ: ಕಳೆದ ಹಂಗಾಮಿನಲ್ಲಿ ವಾಡಿಕೆಯಷ್ಟು ಮಳೆ ಬಿದ್ದರೂ, ಅಷ್ಟೊಂದು ಹೂಳು ತೆಗೆದ ಮೇಲೂ, ಕೆರೆ ತುಂಬಿದ್ದು ಮೂರನೇ ಒಂದು ಭಾಗ ಮಾತ್ರ. ಪೋಷಕ ಕಾಲುವೆಯ ಮೇಲೆ ರಸ್ತೆ ಹಾದುಹೋಗುವ ಎರಡು ಕಡೆ ಮೋರಿ ಕಿರಿದಾಗಿದೆ. ಜೋರು ಮಳೆ ಬಂದಾಗ ನೀರು ಅಲ್ಲೇ ಉಕ್ಕಿ ಪಕ್ಕದ ಹಳ್ಳಕ್ಕೆ ಇಳಿಯುತ್ತಿದೆ.

ಇಡೀ ವರದಿಯ ತಿರುಳು ಅಲ್ಲಿದೆ. ಕೆರೆಯ ಹೊಟ್ಟೆ ದೊಡ್ಡದು ಮಾಡುತ್ತಿದ್ದೇವೆ, ಬಾಯಿ ಮುಚ್ಚಿಕೊಂಡಿದೆ. ಇನ್ನಷ್ಟು ಹೂಳು ತೆಗೆದರೆ ಖಾಲಿ ಜಾಗ ಹೆಚ್ಚುತ್ತದೆ, ನೀರು ಹೆಚ್ಚುವುದಿಲ್ಲ. ಇದು ಗೊತ್ತಾದ ಮೇಲೆ ಸಿಇಒ ಅವರ ತೀರ್ಮಾನ ಬದಲಾಗುತ್ತದೆ. ಆದ್ದರಿಂದ ಇದು ಮೊದಲ ಪುಟದ ಮಧ್ಯಕ್ಕೆ ಬರಬೇಕು.

ಗುರುತು ಹಾಕಿದ ಸಂಗತಿಗಳು ಐದಾರಕ್ಕಿಂತ ಹೆಚ್ಚಾದವೇ? ಪ್ರಶ್ನೆಯನ್ನು ನೀವು ನಿಷ್ಠುರವಾಗಿ ಕೇಳಿಲ್ಲ. ಒಂದೂ ಸಿಗಲಿಲ್ಲವೇ? ಹಾಗಾದರೆ ತೊಂದರೆ ವರದಿಯಲ್ಲೇ ಇದೆ. ಸಾರಾಂಶ ಬರೆದು ಅದನ್ನು ಸರಿಪಡಿಸಲು ಆಗದು.

## ಹಂತ 4: ಅಂಕಿಗಳನ್ನು ಕೂಡಿಸಿ ನೋಡಿ

ಪುಟ ವಾಪಸ್ ಬರುವುದಕ್ಕೆ ಭಾಷೆಗಿಂತ ಹೆಚ್ಚಾಗಿ ಕಾರಣವಾಗುವುದು ಕೂಡದ ಲೆಕ್ಕ. ಆದ್ದರಿಂದ ವಾಕ್ಯಗಳಿಗೆ ಮೊದಲೇ ಕೋಷ್ಟಕ ಮಾಡಿಕೊಳ್ಳಿ. ಮೊತ್ತಗಳೆಲ್ಲ ಲಕ್ಷ ರೂಪಾಯಿಗಳಲ್ಲಿ:

| ಬಾಬ್ತು | ಮಂಜೂರಾದದ್ದು | ಈವರೆಗೆ ಖರ್ಚು | ಪರಿಷ್ಕೃತ ಅಂದಾಜು |
|---|---|---|---|
| ಹೂಳೆತ್ತುವುದು | 144 | 84 | 108 |
| ತೂಬು ದುರಸ್ತಿ | 12 | 12 | 12 |
| ಪೋಷಕ ಕಾಲುವೆ ಸ್ವಚ್ಛತೆ | 24 | 0 | 24 |
| ಎರಡು ಮೋರಿ, ಹೂಳು ಹಿಡಿಯುವ ಗುಂಡಿ | 0 | 0 | 36 |
| ಒಟ್ಟು | 180 | 96 | 180 |

ಅಡ್ಡ ಮತ್ತು ಉದ್ದ ಎರಡೂ ಕಡೆ ನೋಡಿ. 180ರಲ್ಲಿ 96 ಕಳೆದರೆ ಉಳಿಯುವುದು 84, ಕೋರಿಕೆಯ ವಾಕ್ಯದಲ್ಲಿರುವುದೂ ಅದೇ. ಹೂಳೆತ್ತುವ ಬಾಬ್ತು 144ರಿಂದ 108ಕ್ಕೆ ಇಳಿದಿದೆ, ವ್ಯತ್ಯಾಸ 36. ಹೊಸ ಕೆಲಸದ ಮೊತ್ತವೂ 36.

ಆಮೇಲೆ ಹಣವನ್ನು ಕೆಲಸಕ್ಕೆ ತಿರುಗಿಸಿ. ಹೂಳೆತ್ತಿ ಸಾಗಿಸುವ ದರ ಘನ ಮೀಟರಿಗೆ ₹120 ಎಂದರೆ ₹36 ಲಕ್ಷ ಕಡಿತಕ್ಕೆ 30,000 ಘನ ಮೀಟರ್ ಹೂಳು ಉಳಿದುಬಿಡುತ್ತದೆ. ಒಟ್ಟು ಗುರಿ 1,20,000 ಇದ್ದದ್ದು 90,000 ಆಗುತ್ತದೆ. ಘನ ಮೀಟರ್ ಎಂದರೆ ಸಾವಿರ ಲೀಟರ್. ಹಾಗಾಗಿ ಕೆರೆ ತುಂಬಿದಾಗ ಮೊದಲು ಅಂದುಕೊಂಡದ್ದಕ್ಕಿಂತ 3 ಕೋಟಿ ಲೀಟರ್ ಕಡಿಮೆ ಹಿಡಿಯುತ್ತದೆ. ಈ ಕೊನೆಯ ಅಂಕಿ ತಂಡಕ್ಕೆ ಹಿಡಿಸುವುದಿಲ್ಲ. ಆದರೂ ಅದು ಪುಟದಲ್ಲಿರಬೇಕು. ಯಾಕೆ ಎಂಬುದು ಆರನೇ ಹಂತದಲ್ಲಿ.

ಅಂಕಿಗಳಲ್ಲಿ ಪದೇ ಪದೇ ಕಾಣುವ ತಪ್ಪುಗಳು ಮೂರು. ಒಂದೇ ಪುಟದಲ್ಲಿ ಒಂದು ಕಡೆ ಲಕ್ಷ, ಇನ್ನೊಂದು ಕಡೆ ಮಿಲಿಯನ್. ಒಂದು ಕಡೆ ಎಕರೆ, ಇನ್ನೊಂದು ಕಡೆ ಹೆಕ್ಟೇರ್. ಎರಡನೆಯದು, "₹35,98,412.60" ಎಂದು ಪೈಸೆಯವರೆಗೂ ಬರೆಯುವುದು. ಪೂರ್ತಿ ಮೊತ್ತ ಅಂದಾಜುಪಟ್ಟಿಯಲ್ಲಿ ಇರಲಿ, ಮೊದಲ ಪುಟದಲ್ಲಿ ₹36 ಲಕ್ಷ ಸಾಕು. ಮೂರನೆಯದು ಅಪಾಯಕಾರಿ: ಬರೀ ಶೇಕಡಾವಾರು. "ಶೇ 58ರಷ್ಟು ಪ್ರಗತಿ" ಎಂದರೆ 1,20,000 ಘನ ಮೀಟರ್‌ನಲ್ಲಿ 70,000 ತೆಗೆದದ್ದೋ, ಹಣದಲ್ಲಿ ಖರ್ಚಾದ ಪಾಲೋ? ಹಣದ ಲೆಕ್ಕದಲ್ಲಿ ಅದು ಶೇ 53. ಎರಡೂ ಸರಿ ಇರುವುದರಿಂದಲೇ ಗೊಂದಲ. ಯಾವುದರ ಶೇಕಡಾ ಎಂದು ಹೇಳಲು ಜಾಗ ಇಲ್ಲದಿದ್ದರೆ ಶೇಕಡಾವನ್ನೇ ಬಿಡಿ.

## ಹಂತ 5: ಪುಟವನ್ನು ಕಟ್ಟುವುದು

ಈಗ ಬರೆಯಲು ಕೂರಿ. ಒಂದು ಎ4 ಹಾಳೆ, 12 ಪಾಯಿಂಟ್ ಅಕ್ಷರ, ಸುತ್ತ ಒಂದು ಇಂಚು ಅಂಚು. ಮೇಲಿನ ಕೋಷ್ಟಕವೂ ಇದರಲ್ಲೇ ಹಿಡಿಸಬೇಕು. ಹಾಗಾಗಿ ವಾಕ್ಯಗಳಿಗೆ ಸಿಗುವುದು ಸುಮಾರು 150 ಪದಗಳ ಜಾಗ. ಅಕ್ಷರವನ್ನು 9 ಪಾಯಿಂಟಿಗೆ ಇಳಿಸಿ ಒಂದು ಪುಟ ಮಾಡಿದೆವು ಎನ್ನುವುದು ಲೆಕ್ಕಕ್ಕಿಲ್ಲ.

ಕ್ರಮ ಇದು: ಕೋರಿಕೆ, ಕಾರಣ, ಬಿಟ್ಟುಕೊಡುವುದು, ತಡವಾದರೆ ಏನು, ಅಪಾಯ, ಕೋಷ್ಟಕ. ನಮ್ಮ ಕೆರೆಯ ಪುಟ ಹೀಗಾಗುತ್ತದೆ:

> ಕೋರಿಕೆ. ಎರಡನೇ ವರ್ಷಕ್ಕೆ ಉಳಿದಿರುವ ₹84 ಲಕ್ಷದಲ್ಲಿ ₹36 ಲಕ್ಷವನ್ನು ಹೂಳೆತ್ತುವ ಬಾಬ್ತಿನಿಂದ ತೆಗೆದು, ಪೋಷಕ ಕಾಲುವೆಯ ಎರಡು ಮೋರಿ ಅಗಲಿಸಲು ಮತ್ತು ಹೂಳು ಹಿಡಿಯುವ ಗುಂಡಿ ಕಟ್ಟಲು ಬಳಸಬೇಕಿದೆ. ಇದಕ್ಕೆ ಫೆಬ್ರವರಿ 28ರೊಳಗೆ ಅನುಮೋದನೆ ಬೇಕು. ಯೋಜನೆಯ ಒಟ್ಟು ವೆಚ್ಚ ₹1.80 ಕೋಟಿಯೇ ಇರುತ್ತದೆ.
>
> ಕಾರಣ. ಮೊದಲ ವರ್ಷ 70,000 ಘನ ಮೀಟರ್ ಹೂಳು ತೆಗೆದು, ತೂಬು ದುರಸ್ತಿ ಮಾಡಿದೆವು. ಕಳೆದ ಹಂಗಾಮಿನಲ್ಲಿ ವಾಡಿಕೆಯಷ್ಟು ಮಳೆ ಬಂದರೂ ಕೆರೆ ತುಂಬಿದ್ದು ಮೂರನೇ ಒಂದು ಭಾಗ. ಎರಡು ಕಿರಿದಾದ ಮೋರಿಗಳಲ್ಲಿ ನೀರು ಉಕ್ಕಿ ಪಕ್ಕದ ಹಳ್ಳಕ್ಕೆ ಹೋಗುತ್ತಿದೆ (ಪುಟ 41–47). ಮೋರಿ ಸರಿಯಾಗದೆ ಇನ್ನಷ್ಟು ಹೂಳು ತೆಗೆದರೆ ನೀರು ಹೆಚ್ಚುವುದಿಲ್ಲ.
>
> ಬಿಟ್ಟುಕೊಡುವುದು. ಹೂಳೆತ್ತುವ ಗುರಿ 1,20,000ರಿಂದ 90,000 ಘನ ಮೀಟರ್‌ಗೆ ಇಳಿಯುತ್ತದೆ. ಕೆರೆ ಪೂರ್ತಿ ತುಂಬಿದಾಗ ಮೂಲ ಗುರಿಗಿಂತ 3 ಕೋಟಿ ಲೀಟರ್ ಕಡಿಮೆ ಹಿಡಿಯುತ್ತದೆ (ಪುಟ 72).
>
> ತಡವಾದರೆ. ಮೋರಿ ಕೆಲಸಕ್ಕೆ ಮೂರು ತಿಂಗಳು ಬೇಕು. ಮಾರ್ಚ್ ಮೊದಲ ವಾರ ಶುರುವಾಗದಿದ್ದರೆ ಮುಂಗಾರಿಗೆ ಮುಗಿಯುವುದಿಲ್ಲ. ಇನ್ನೊಂದು ವರ್ಷದ ಮಳೆನೀರು ಹಳ್ಳಕ್ಕೆ ಹೋಗುತ್ತದೆ.
>
> ಅಪಾಯ. ಕಾಲುವೆಯ 200 ಮೀಟರ್ ಭಾಗದ ಒತ್ತುವರಿ ಸರ್ವೆ ಮುಗಿದಿಲ್ಲ. ತೆರವು ಸಾಧ್ಯವಾಗದಿದ್ದರೆ ಅಲ್ಲಿ ಕಾಲುವೆಯ ಪಥ ಬದಲಿಸಲು ಇನ್ನೂ ₹6 ಲಕ್ಷ ಬೇಕು. ಅದನ್ನೂ ಹೂಳೆತ್ತುವ ಬಾಬ್ತಿನಿಂದಲೇ ಭರಿಸುತ್ತೇವೆ. ಆಗ ಗುರಿ ಇನ್ನೂ 5,000 ಘನ ಮೀಟರ್ ಇಳಿಯುತ್ತದೆ (ಪುಟ 88).

ಯೋಜನೆ ಯಾವಾಗ ಶುರುವಾಯಿತು, ಕೆರೆ ಎಷ್ಟು ಹಳೆಯದು, ಸಮೀಕ್ಷೆ ಹೇಗೆ ನಡೆಯಿತು, ಯಾರು ಯಾರು ಸಹಕರಿಸಿದರು ಎಂಬುದು ಇಲ್ಲಿಲ್ಲ. ಕೃತಜ್ಞತೆಗೆ ವರದಿಯೊಳಗೆ ಬೇರೆ ಪುಟವಿದೆ.

ಪ್ರತಿ ಮುಖ್ಯ ಸಂಗತಿಯ ಪಕ್ಕದಲ್ಲಿ ಪುಟ ಸಂಖ್ಯೆ ಇದೆ. ಅನುಮಾನ ಬಂದವರು ನೇರ ಆ ಪುಟಕ್ಕೆ ಹೋಗಲಿ ಎಂದು. ಓದುಗರು ಹಾಗೆ ಹೋಗುವುದು ಅಪರೂಪ. ಆದರೆ ಪುಟ ಸಂಖ್ಯೆ ಇದೆ ಎಂಬುದೇ ಅವರಿಗೆ ಒಂದು ಧೈರ್ಯ. "ವಿವರಗಳಿಗೆ ವರದಿ ನೋಡಿ" ಎಂಬ ಸಾಲಿನಿಂದ ಆ ಧೈರ್ಯ ಬರುವುದಿಲ್ಲ.

ಉದ್ದದ ವಿಷಯದಲ್ಲಿ ಒಂದು ವಿನಾಯಿತಿ. ಕೆಲವು ವರದಿಗಳ ಸಾರಾಂಶಕ್ಕೆ ನಿಯಮವೇ ಅಳತೆ ಹಾಕಿದೆ. ಉದಾಹರಣೆಗೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಆ ವರದಿಯ ಸಾರಾಂಶ ಗರಿಷ್ಠ ಹತ್ತು ಎ4 ಪುಟ. ಸಾರ್ವಜನಿಕ ಅಹವಾಲು ಸಭೆಗೆ ಅದು ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಅಂಥ ಕಡೆ ನಿಯಮವನ್ನೇ ಪಾಲಿಸಿ, ಆದರೆ ಹತ್ತರಲ್ಲಿ ಮೊದಲ ಪುಟವನ್ನು ಮೇಲಿನ ಕ್ರಮದಲ್ಲೇ ಬರೆಯಿರಿ.

## ಹಂತ 6: ಕೆಟ್ಟ ಸುದ್ದಿಯನ್ನು ಮೊದಲ ಪುಟಕ್ಕೇ ತನ್ನಿ

ತಂಡದವರು ಅತಿ ಹೆಚ್ಚು ವಿರೋಧಿಸುವುದು ಈ ಹಂತವನ್ನು. ಮೂರು ಕೋಟಿ ಲೀಟರ್ ಕಡಿಮೆಯಾಗುತ್ತದೆ ಎಂದು ಮೊದಲ ಪುಟದಲ್ಲೇ ಹೇಳಿದರೆ ಯಾರಾದರೂ ಒಪ್ಪುತ್ತಾರಾ, ಅದು 72ನೇ ಪುಟದಲ್ಲಿದೆಯಲ್ಲ ಎನ್ನುತ್ತಾರೆ.

ಒಪ್ಪುವವರು ಅದನ್ನು ಓದಿಯೇ ಒಪ್ಪಬೇಕು. ಒಳಗೆ ಅಡಗಿಸಿದರೆ ಎರಡರಲ್ಲಿ ಒಂದಾಗುತ್ತದೆ. ಒಂದೋ ಎಂಜಿನಿಯರಿಂಗ್ ವಿಭಾಗದ ಇನ್ನೊಬ್ಬರು ಸಭೆಯಲ್ಲಿ 72ನೇ ಪುಟ ತೆರೆದು ತೋರಿಸುತ್ತಾರೆ, ಅಲ್ಲಿಗೆ ನಿಮ್ಮ ಪುಟದ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಇಲ್ಲವೇ ಯಾರೂ ನೋಡದೆ ಅನುಮೋದನೆ ಸಿಗುತ್ತದೆ, ಎರಡು ವರ್ಷದ ಬಳಿಕ ಲೆಕ್ಕಪರಿಶೋಧನೆಯಲ್ಲಿ ಗುರಿ ಸಾಧಿಸಿಲ್ಲ ಎಂಬ ಆಕ್ಷೇಪಣೆ ಬರುತ್ತದೆ. ಆಗ ಸಹಿ ಮಾಡಿದ ಅಧಿಕಾರಿ ಕೇಳುವ ಪ್ರಶ್ನೆ ಒಂದೇ: ನನಗೆ ಯಾಕೆ ಹೇಳಲಿಲ್ಲ.

ಕೆಟ್ಟ ಸುದ್ದಿ ಬರೆಯುವ ರೀತಿಯಲ್ಲೂ ಮುಚ್ಚಿಡುವುದುಂಟು. "ಕೆಲವು ಸ್ಥಳೀಯ ಸವಾಲುಗಳ ಹಿನ್ನೆಲೆಯಲ್ಲಿ" ಎಂಬ ಮಾತು ನಿಮ್ಮ ಕರಡಿನಲ್ಲಿ ಕಂಡರೆ ಅದನ್ನು ಹೊಡೆದುಹಾಕಿ, ಆ ಸವಾಲಿನ ಹೆಸರು ಬರೆಯಿರಿ. ಒತ್ತುವರಿ ಇದ್ದರೆ ಒತ್ತುವರಿ ಎನ್ನಿ. ಸರ್ವೆ ಆಗದಿದ್ದರೆ, ಇದೆಯೋ ಇಲ್ಲವೋ ಸರ್ವೆ ಮುಗಿಯದೆ ಹೇಳಲಾಗದು ಎನ್ನಿ. ಅಪಾಯದ ಮಾತಿನೊಂದಿಗೆ ಯಾವಾಗಲೂ ಎರಡು ಸಂಗತಿ ಜೊತೆಯಾಗಿರಲಿ: ಅದು ನಿಜವಾದರೆ ಎಷ್ಟು ಖರ್ಚು, ಆ ಹಣ ಎಲ್ಲಿಂದ. ನಮ್ಮ ಪುಟದಲ್ಲಿ ₹6 ಲಕ್ಷ ಎಂದೂ, ಹೂಳೆತ್ತುವ ಬಾಬ್ತಿನಿಂದ ಎಂದೂ ಹೇಳಿದ್ದೇವೆ. ಇವೆರಡಿಲ್ಲದ ಅಪಾಯದ ಪ್ಯಾರಾ ಬರೀ ಹೆದರಿಕೆ ಹುಟ್ಟಿಸುತ್ತದೆ.

## ಹಂತ 7: ವಾಕ್ಯಗಳನ್ನು ಕತ್ತರಿಸಿ

ಕಚೇರಿ ಕನ್ನಡದ ದೊಡ್ಡ ತೊಂದರೆ "ಲಾಗಿದೆ". "ಪರಿಶೀಲಿಸಲಾಗಿದೆ", "ಗಮನಿಸಲಾಗಿದೆ", "ಕೈಗೊಳ್ಳಲಾಗುವುದು" — ಇವುಗಳಲ್ಲಿ ಮಾಡಿದವರು ಯಾರು ಎಂಬುದು ಮಾಯ. ಮೊದಲ ಪುಟದಲ್ಲಿ "ಲಾಗಿದೆ", "ಲಾಗುವುದು" ಕಂಡಲ್ಲೆಲ್ಲ ಗೆರೆ ಎಳೆದು "ಯಾರು?" ಎಂದು ಕೇಳಿ. "ಒತ್ತುವರಿ ತೆರವುಗೊಳಿಸಲಾಗುವುದು" ಎಂದು ಬರೆದರೆ ನೀವೇ ತೆರವು ಮಾಡುತ್ತೀರಿ ಎಂದಾಯಿತು. ಆ ಅಧಿಕಾರ ಇರುವುದು ತಹಶೀಲ್ದಾರರಿಗೆ. ಹಾಗೆಂದೇ ಬರೆಯಿರಿ.

ಇನ್ನೊಂದು ತೊಂದರೆ "ಇದ್ದು". "ಕಾಮಗಾರಿ ಪ್ರಾರಂಭಿಸಲಾಗಿದ್ದು, ಹೂಳು ತೆಗೆಯಲಾಗುತ್ತಿದ್ದು, ಮೋರಿಗಳು ಕಿರಿದಾಗಿದ್ದು, ನೀರು ಬರುತ್ತಿಲ್ಲವಾಗಿದ್ದು" ಎಂದು ಸಾಗುವ ವಾಕ್ಯದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ತಿಳಿಯದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಓದುವವರು ಪೂರ್ಣವಿರಾಮದವರೆಗೂ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡೇ ಇರಬೇಕು. ಪ್ರತಿ "ಇದ್ದು" ಹತ್ತಿರ ವಾಕ್ಯ ಮುರಿಯಿರಿ. ಮುರಿದ ಮೇಲೆ "ಆದರೂ", "ಹಾಗಾಗಿ" ಎಲ್ಲಿ ಬೇಕು ಎಂಬುದು ತಾನೇ ಕಾಣುತ್ತದೆ.

ಸಂಕ್ಷಿಪ್ತ ರೂಪಗಳನ್ನು ಬಿಡಿಸಿ ಬರೆಯಿರಿ. ಇಲಾಖೆಯೊಳಗೆ ಎಲ್ಲರ ಬಾಯಲ್ಲೂ ಇರುವ ಅಕ್ಷರಗಳು ಹೋದ ವಾರ ವರ್ಗವಾಗಿ ಬಂದ ಅಧಿಕಾರಿಗೆ ಗೊತ್ತಿರಬೇಕಿಲ್ಲ.

## ಹಂತ 8: ಬೇರೆಯವರ ಕೈಗೆ ಕೊಡಿ

ಯೋಜನೆ ಗೊತ್ತಿಲ್ಲದ ಸಹೋದ್ಯೋಗಿಗೆ ಈ ಒಂದೇ ಹಾಳೆ ಕೊಡಿ, ವರದಿ ಕೊಡಬೇಡಿ. ಎರಡು ನಿಮಿಷದ ಬಳಿಕ ಹಾಳೆ ವಾಪಸ್ ತೆಗೆದುಕೊಂಡು ಕೇಳಿ: ಏನು ಕೇಳುತ್ತಿದ್ದೇವೆ? ಎಷ್ಟು ಹಣ ಹೆಚ್ಚು? ಯಾವಾಗಿನೊಳಗೆ? ಒಪ್ಪಿದರೆ ಏನು ಕಳೆದುಕೊಳ್ಳುತ್ತೇವೆ?

ಎರಡನೇ ಪ್ರಶ್ನೆಗೆ "36 ಲಕ್ಷ" ಎಂಬ ಉತ್ತರ ಬಂದರೆ ಪುಟ ಸೋತಿದೆ, ಸರಿಯಾದ ಉತ್ತರ "ಏನೂ ಇಲ್ಲ". ಆಗ ಅವರಿಗೆ ವಿವರಿಸಲು ಹೋಗಬೇಡಿ. ಸಿಇಒ ಓದುವಾಗ ನೀವು ಪಕ್ಕದಲ್ಲಿ ನಿಂತಿರುವುದಿಲ್ಲ. ಸುಮ್ಮನೆ ಬಂದು ಕೋರಿಕೆಯ ಪ್ಯಾರಾ ತಿದ್ದಿ, ಇನ್ನೊಬ್ಬರಿಗೆ ಕೊಡಿ. ಒಮ್ಮೆ ಓದಿದವರು ಎರಡನೇ ಸಲಕ್ಕೆ ಉಪಯೋಗವಿಲ್ಲ, ಅವರಿಗೆ ಈಗಾಗಲೇ ಗೊತ್ತು.

ಇದಾದ ಮೇಲೆ ಪುಟದ ಪ್ರತಿ ಅಂಕಿಯನ್ನೂ ವರದಿಯ ಆಯಾ ಪುಟದೊಂದಿಗೆ ಒಬ್ಬರು ಓದಿ, ಇನ್ನೊಬ್ಬರು ನೋಡಿ ತಾಳೆ ಹಾಕಿ. ವರದಿಯನ್ನು ಕೊನೆ ಗಳಿಗೆಯಲ್ಲಿ ತಿದ್ದಿದ್ದರೆ ಪುಟ ಸಂಖ್ಯೆಗಳು ಒಂದೆರಡು ಸರಿದಿರುತ್ತವೆ, ಅದನ್ನೂ ನೋಡಿ.

## ಹಂತ 9: ಕಳಿಸುವ ಮುನ್ನ

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ಬೇರೆ ಫೋನಿನಲ್ಲಿ ತೆರೆದು ನೋಡಿ. ಈಗ ಬಹಳಷ್ಟು ಅಧಿಕಾರಿಗಳು ಮೊದಲ ಪುಟವನ್ನು ಓದುವುದು ವಾಟ್ಸಾಪ್‌ನಲ್ಲಿ, ಕಾರಿನಲ್ಲಿ ಕೂತು. ಕೋಷ್ಟಕ ಫೋನಿನ ಪರದೆಯಲ್ಲಿ ಹಿಗ್ಗಿಸದೆ ಓದಲು ಬಾರದಿದ್ದರೆ ಒಂದು ಕಾಲಂ ತೆಗೆಯಿರಿ. "ಈವರೆಗೆ ಖರ್ಚು" ಹೋದರೂ ನಡೆಯುತ್ತದೆ, ಮೊತ್ತವನ್ನು ವಾಕ್ಯದಲ್ಲಿ ಹೇಳಬಹುದು.

ಈ ಹಾಳೆ ವರದಿಯಿಂದ ಬೇರೆಯಾಗಿ ಒಂಟಿಯಾಗಿಯೇ ಓಡಾಡುತ್ತದೆ. ಝೆರಾಕ್ಸ್ ಆಗುತ್ತದೆ, ಸಭೆಯ ಕಾರ್ಯಸೂಚಿಗೆ ಪಿನ್ ಆಗುತ್ತದೆ, ತಾಲ್ಲೂಕು ಕಚೇರಿಗೂ ಹೋಗುತ್ತದೆ. ಹಾಗಾಗಿ ಮೇಲ್ಗಡೆ ಕೆರೆಯ ಹೆಸರು, ಗ್ರಾಮ, ತಾಲ್ಲೂಕು, ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ ಇರಲಿ. ಕೆಳಗಡೆ ವರದಿಯ ಪೂರ್ಣ ಹೆಸರು, ಈ ಹಾಳೆ ಸಿದ್ಧವಾದ ದಿನಾಂಕ, ಪ್ರಶ್ನೆಗಳಿಗೆ ಉತ್ತರಿಸುವವರ ಹುದ್ದೆ ಮತ್ತು ಫೋನ್ ಸಂಖ್ಯೆ. ಅಂಕಿ ಒಂದು ಬದಲಾದರೂ ಹೊಸ ದಿನಾಂಕ ಹಾಕಿ, ಹಳೆಯ ಪ್ರತಿ ಯಾರ ಯಾರ ಬಳಿ ಇದೆಯೋ ಅವರಿಗೆಲ್ಲ ಹೊಸದನ್ನು ಕಳಿಸಿ.